ಹೇರಿದ ಮಣ್ಣು, ಅಗೆದ ಮಣ್ಣು: ಒತ್ತಡ ಸಾಗುವ ದಾರಿ

(ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರುಗಳು ಮತ್ತು ಗುತ್ತಿಗೆದಾರರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಒಂದೇ ಪ್ರಶ್ನೆಯ ಸುತ್ತ. ಎರೆ ಮಣ್ಣಿನಲ್ಲಿ ಸೆಲ್ಲಾರ್‌ಗೆ ಗುಂಡಿ ತೋಡುತ್ತೀರಿ. ಜೆಸಿಬಿ ಕೆಲಸ ಮುಗಿಸಿದ ದಿನ ಮಗ್ಗುಲು ಬೆಣ್ಣೆ ಕೊಯ್ದ ಹಾಗೆ ನೆಟ್ಟಗೆ ನಿಂತಿರುತ್ತದೆ. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಕುಸಿದು ಬಿದ್ದಿದೆ. ಮಳೆ ಬಂದಿಲ್ಲ, ಅಂಚಿನಲ್ಲಿ ಲಾರಿ ಓಡಾಡಿಲ್ಲ, ಹೊಸದಾಗಿ ಒಂದು ಬುಟ್ಟಿ ಭಾರವೂ ಬಿದ್ದಿಲ್ಲ. ಪಕ್ಕದ ಸೈಟಿನಲ್ಲಿ ಅದೇ ಮಣ್ಣಿನ ಮೇಲೆ ಪಾಯ ಹಾಕಿ ಕಟ್ಟಡ ಎಬ್ಬಿಸಿದ್ದಾರೆ. ಅಲ್ಲಿ ತಿರುಗುಮುರುಗು: ಮೊದಲ ದಿನಗಳೇ ಅಪಾಯದವು, ದಿನ ಕಳೆದಷ್ಟೂ ಮಣ್ಣು ಗಟ್ಟಿಯಾಗುತ್ತ ಹೋಗುತ್ತದೆ. ಮಣ್ಣು ಪರೀಕ್ಷೆಯ ವರದಿ ಮಾತ್ರ ಎರಡೂ ಸೈಟಿಗೆ ಒಂದೇ ಅಂಕಿ ಕೊಟ್ಟಿರುತ್ತದೆ.

ವರದಿ ಸುಳ್ಳಲ್ಲ. ಮಣ್ಣಿನ ಶಕ್ತಿ ಅದಕ್ಕೆ ಅಂಟಿಸಿದ ಬೆಲೆಚೀಟಿ ಎಂದುಕೊಂಡಿರುವುದು ನಮ್ಮ ತಪ್ಪು. ಅದು ಎಲ್ಲಿಂದ ಹೊರಟು, ಯಾವ ದಾರಿಯಲ್ಲಿ ಸೋಲಿನ ಗೆರೆಗೆ ಬಂತು ಎನ್ನುವುದರ ಮೇಲೆ ಶಕ್ತಿ ನಿಂತಿದೆ. ಈ ದಾರಿಗೇ ಸ್ಟ್ರೆಸ್ ಪಾತ್, ಒತ್ತಡ ಪಥ ಎನ್ನುತ್ತಾರೆ. ಅಮೆರಿಕದ ಎಂಐಟಿಯ ವಿಲಿಯಂ ಲ್ಯಾಂಬ್ 1967ರಲ್ಲಿ ಇದನ್ನು ವಿನ್ಯಾಸದ ವಿಧಾನವಾಗಿಯೇ ಮಂಡಿಸಿದರು. ಗ್ರಾಫಿನಲ್ಲಿ ಬರೆಯುವುದು ಸುಲಭ: ಲಂಬ ಒತ್ತಡ ಮತ್ತು ಅಡ್ಡ ಒತ್ತಡಗಳ ಸರಾಸರಿಯನ್ನು ಅಡ್ಡಕ್ಕೆ, ಅವೆರಡರ ವ್ಯತ್ಯಾಸದ ಅರ್ಧವನ್ನು ಮೇಲಕ್ಕೆ ಗುರುತಿಸಿ. ಕೆಲಸದ ಪ್ರತಿ ಹಂತಕ್ಕೂ ಒಂದು ಚುಕ್ಕಿ. ಚುಕ್ಕಿಗಳನ್ನು ಸೇರಿಸಿದರೆ ಅದೇ ದಾರಿ.

ಈಗ ಒಂದು ಲೆಕ್ಕ ಮಾಡೋಣ. ನಮ್ಮಲ್ಲಿ ಎರೆ ಎಲ್ಲ ಕಡೆ ಆಳ ಇರುವುದಿಲ್ಲ, ಕೆಲವು ಅಡಿಗಳಲ್ಲೇ ಗರಸು ಸಿಗುವ ಜಾಗ ಬೇಕಾದಷ್ಟಿವೆ. ಆದರೆ ಹಳೇ ಕೆರೆಯಂಗಳದ ಮೇಲೆ ಎದ್ದ ಬಡಾವಣೆಗಳಲ್ಲಿ ಜೇಡಿ ಆಳಕ್ಕೆ ಇಳಿದಿರುತ್ತದೆ. ಅಂಥ ಒಂದು ನಿವೇಶನ ಎಂದುಕೊಳ್ಳಿ. ಆರು ಮೀಟರ್ ಆಳದ ಸೆಲ್ಲಾರ್. ನೀರಿನ ಮಟ್ಟ ನೆಲದಿಂದ 2 ಮೀಟರ್ ಕೆಳಗೆ. ಭದ್ರಾ ನಾಲೆಯ ಅಚ್ಚುಕಟ್ಟಿನ ಅಂಚಿನಲ್ಲಿ ನಾಲೆಗೆ ನೀರು ಬಿಟ್ಟಾಗ ಈ ಮಟ್ಟ ಆಶ್ಚರ್ಯದ್ದಲ್ಲ. ಮಣ್ಣಿನ ತೂಕ ಘನ ಮೀಟರಿಗೆ 18 ಕಿಲೋನ್ಯೂಟನ್. ಘರ್ಷಣೆಯ ಕೋನ 30 ಡಿಗ್ರಿ ಎಂದು ಹಿಡಿಯುತ್ತೇನೆ. ಎರೆಗೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆಯೇ ಬರುತ್ತದೆ, ಆದರೆ 30 ಹಿಡಿದರೆ ಲೆಕ್ಕ ಬಾಯಲ್ಲೇ ಆಗುತ್ತದೆ. ಅಂಟಿನ ಶಕ್ತಿಯನ್ನು ಸೊನ್ನೆ ಎನ್ನೋಣ.

ಗುಂಡಿಯ ಮಗ್ಗುಲಿನ ಹಿಂದೆ 4 ಮೀಟರ್ ಆಳದಲ್ಲಿ ಒಂದು ಹಿಡಿ ಮಣ್ಣನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅದರ ಮೇಲಿನ ಒಟ್ಟು ಲಂಬ ಒತ್ತಡ 4 ಗುಣಿಸು 18, ಅಂದರೆ 72 ಕಿಲೋಪಾಸ್ಕಲ್. ಹತ್ತು ಕಿಲೋಪಾಸ್ಕಲ್ ಅಂದರೆ ಚದರ ಮೀಟರಿಗೆ ಹೆಚ್ಚುಕಡಿಮೆ ಒಂದು ಟನ್ ಎಂದು ತಿಳಿದರೆ ಸಾಕು. ಮೇಲೆ ಎರಡು ಮೀಟರ್ ನೀರಿರುವುದರಿಂದ ರಂಧ್ರಗಳಲ್ಲಿನ ನೀರಿನ ಒತ್ತಡ 20. ಉಳಿದ 52 ಮಣ್ಣಿನ ಕಣದಿಂದ ಕಣಕ್ಕೆ ದಾಟುವ ಒತ್ತಡ. ಎಫೆಕ್ಟಿವ್ ಒತ್ತಡ ಎನ್ನುವುದು ಇದಕ್ಕೇ, ಮತ್ತು ಮಣ್ಣಿಗೆ ಗೊತ್ತಿರುವುದು ಇದೊಂದೇ. ಅಡ್ಡಕ್ಕೆ ಇದರ ಅರ್ಧ ಇರುತ್ತದೆ: 30 ಡಿಗ್ರಿಗೆ ಯಾಕಿಯ ಸೂತ್ರ ಕೊಡುವುದು 0.5. ಹಾಗಾಗಿ ಅಡ್ಡ ಎಫೆಕ್ಟಿವ್ ಒತ್ತಡ 26, ನೀರು ಸೇರಿಸಿದರೆ ಒಟ್ಟು 46. ಈ ಕೋನದ ಮಣ್ಣಿನಲ್ಲಿ ಲಂಬ ಎಫೆಕ್ಟಿವ್ ಒತ್ತಡ ಅಡ್ಡದ್ದರ ಮೂರು ಪಟ್ಟು ಮುಟ್ಟಿದರೆ ಮಣ್ಣು ಸೋಲುತ್ತದೆ. ಈಗ 52ಕ್ಕೆ 26, ಎರಡು ಪಟ್ಟು. ಆರಾಮಾಗಿದೆ.

ಇಲ್ಲಿಂದ ಎರಡು ದಾರಿ. ಮೊದಲನೆಯದು, ಮೇಲಿಂದ ನಿಧಾನವಾಗಿ ಭಾರ ಹೇರುವುದು. ನೀರು ಹೊರಗೆ ಹೋಗಲು ಸಮಯ ಕೊಡುತ್ತೀರಿ, ಅಡ್ಡ ಒತ್ತಡ 26ರಲ್ಲೇ ಇದೆ. ಸೋಲಬೇಕಾದರೆ ಲಂಬ ಒತ್ತಡ 78 ಆಗಬೇಕು. ಇನ್ನೂ 26 ಸೇರಿಸಬೇಕು ಎಂದಾಯಿತು. ಎರಡನೆಯದು, ಮೇಲೆ ಏನೂ ಮುಟ್ಟದೆ ಪಕ್ಕದ ಆಸರೆಯನ್ನು ನಿಧಾನವಾಗಿ ತೆಗೆಯುವುದು. ಲಂಬ 52 ಹಾಗೇ ಇದೆ. ಅಡ್ಡ ಒತ್ತಡ 17.3ಕ್ಕೆ ಇಳಿದರೆ ಸಾಕು, ಮೂರು ಪಟ್ಟಾಯಿತು. ತೆಗೆದದ್ದು ಬರೀ 8.7. ಅತ್ತ 26 ಹೇರಬೇಕು, ಇತ್ತ ಅದರ ಮೂರನೇ ಒಂದು ಪಾಲು ಕಿತ್ತರೆ ಮುಗಿಯಿತು. ಗ್ರಾಫಿನಲ್ಲಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಹೇರುವ ದಾರಿ ಬಲಕ್ಕೆ ಓರೆಯಾಗಿ ಏರುತ್ತದೆ. ಸೋಲಿನ ಗೆರೆಯೂ ಬಲಕ್ಕೇ ಏರುವುದರಿಂದ ಅದರ ಹಿಂದೆ ಓಡಬೇಕು. ಅಗೆಯುವ ದಾರಿ ಎಡಕ್ಕೆ ಏರಿ ಗೆರೆಗೆ ನೇರ ಎದುರಾಗುತ್ತದೆ. ಕೋನ ಒಂದೇ, ಗೆರೆ ಒಂದೇ, ದಾರಿ ಬೇರೆ. ಸೋಲುವ ಹೊತ್ತಿಗೆ ಮಣ್ಣು ಹೊತ್ತ ಶಿಯರ್ ಒಂದು ಕಡೆ 26, ಇನ್ನೊಂದು ಕಡೆ 17.3.

ಆದರೆ ಜೇಡಿಯಲ್ಲಿ ಯಾರೂ ನೀರಿಗೆ ಸಮಯ ಕೊಡುವುದಿಲ್ಲ. ಗುಂಡಿ ಎರಡು ದಿನದಲ್ಲಿ ಆಗುತ್ತದೆ, ನೀರು ಜೇಡಿಯೊಳಗೆ ಅಷ್ಟು ಬೇಗ ಸರಿದಾಡುವುದಿಲ್ಲ. ನಾಲ್ಕನೇ ದಿನದ ಒಗಟು ಬಿಡಿಸಿಕೊಳ್ಳುವುದು ಇಲ್ಲಿ, ಹಾಗಾಗಿ ಈ ಭಾಗವನ್ನು ನಿಧಾನವಾಗಿ ಹೇಳುತ್ತೇನೆ.

ಅದೇ ಮಣ್ಣಿನ ಮೇಲೆ ತಟ್ಟನೆ 10 ಹೇರಿದಿರಿ ಎನ್ನಿ. ಸ್ಕೆಂಪ್ಟನ್ 1954ರಲ್ಲಿ ಕೊಟ್ಟ ಸಮೀಕರಣ ನೀರಿನ ಒತ್ತಡ ಎಷ್ಟು ಬದಲಾಗುತ್ತದೆ ಎಂದು ಹೇಳುತ್ತದೆ:

```
Δu = B [ Δσ3 + A (Δσ1 − Δσ3) ]
```

Δu ಎಂದರೆ ನೀರಿನ ಒತ್ತಡದ ಬದಲಾವಣೆ; ಇಲ್ಲಿ σ1 ಲಂಬ ಒತ್ತಡ, σ3 ಅಡ್ಡ ಒತ್ತಡ. ನೀರು ತುಂಬಿದ ಮಣ್ಣಿಗೆ B ಒಂದು. A ಅನ್ನು 0.3 ಎಂದು ಹಿಡಿಯೋಣ. ಭಾರ ಹೇರಿದಾಗ ನೀರಿನ ಒತ್ತಡ 3 ಏರಿ 23 ಆಗುತ್ತದೆ. ಲಂಬ ಎಫೆಕ್ಟಿವ್ ಒತ್ತಡ 82ರಲ್ಲಿ 23 ಕಳೆದು 59. ಅಡ್ಡ, 46ರಲ್ಲಿ 23 ಕಳೆದು 23. ಈಗ ಇನ್ನೊಂದು ಸೈಟು: ಮೇಲೆ ಏನೂ ಹೇರಿಲ್ಲ, ಶೋರಿಂಗ್ ಸ್ವಲ್ಪ ಸರಿದು ಅಡ್ಡ ಒತ್ತಡ 46ರಿಂದ 36ಕ್ಕೆ ಇಳಿಯಿತು. ಸಮೀಕರಣಕ್ಕೆ ಹಾಕಿದರೆ ನೀರಿನ ಒತ್ತಡ 7 ಇಳಿದು 13 ಆಗುತ್ತದೆ. ಲಂಬ 72ರಲ್ಲಿ 13 ಕಳೆದರೆ 59. ಅಡ್ಡ 36ರಲ್ಲಿ 13 ಕಳೆದರೆ 23.

ಎರಡೂ ಕಡೆ 59ಕ್ಕೆ 23! ಲೆಕ್ಕದ ಕಣ್ಕಟ್ಟಲ್ಲ ಇದು. ನೀರು ತುಂಬಿದ ಮಣ್ಣಿನಲ್ಲಿ ನೀರು ಹೊರಳಲು ಸಮಯ ಇಲ್ಲದಾಗ, ಭಾರ ಮೇಲಿಂದ ಬಂತೋ ಆಸರೆ ಪಕ್ಕದಿಂದ ಹೋಯಿತೋ ಕಣಗಳಿಗೆ ಗೊತ್ತೇ ಆಗುವುದಿಲ್ಲ. ಎರಡರ ನಡುವಿನ ವ್ಯತ್ಯಾಸವನ್ನೆಲ್ಲ ನೀರು ನುಂಗಿಕೊಳ್ಳುತ್ತದೆ. ಹಾಗಾಗಿ ಮೊದಲ ದಿನ ಎರಡೂ ಸೈಟು ಒಂದೇ ಸ್ಥಿತಿಯಲ್ಲಿವೆ, ಎರಡರಲ್ಲೂ ಲಂಬ ಒತ್ತಡ ಅಡ್ಡದ್ದರ 2.57 ಪಟ್ಟು. ಎರಡೂ ನಿಂತಿವೆ.

ಆಮೇಲೆ ನೀರು ತನ್ನ ಹಳೇ ಮಟ್ಟಕ್ಕೆ, ಅಂದರೆ 20ಕ್ಕೆ, ಮರಳಲು ನೋಡುತ್ತದೆ. ಭಾರ ಹೇರಿದ ಕಡೆ ನೀರು 23ರಲ್ಲಿದೆ, ಹೊರಗೆ ಹೋಗುತ್ತದೆ. ಕೊನೆಗೆ ಲಂಬ 62, ಅಡ್ಡ 26, ಅನುಪಾತ 2.38. ಮೊದಲ ದಿನಕ್ಕಿಂತ ಭದ್ರ. ಅಗೆದ ಕಡೆ ನೀರು 13ರಲ್ಲಿದೆ, ಅಂದರೆ ಮಣ್ಣು ಒಳಗೊಳಗೇ ಬಾಯಾರಿದೆ. ಸುತ್ತಲಿಂದ ನೀರು ಎಳೆದುಕೊಳ್ಳುತ್ತದೆ, ಉಬ್ಬುತ್ತದೆ, ಸಡಿಲವಾಗುತ್ತದೆ. ನೀರು 20 ಮುಟ್ಟಿದಾಗ ಲಂಬ 52, ಅಡ್ಡ 16. ಅನುಪಾತ 3.25. ಮೂರೇ ಮಿತಿ, ಅದನ್ನು ದಾಟಿದೆ. ವಾಸ್ತವದಲ್ಲಿ 3.25ಕ್ಕೆ ಹೋಗಲು ಆಗುವುದಿಲ್ಲ. ಮೂರಕ್ಕೆ ಬಂದ ಕೂಡಲೇ ಮಣ್ಣು ಜಾರಿ ಶೋರಿಂಗ್ ಮೇಲೆ ಒರಗುತ್ತದೆ, ಶೋರಿಂಗ್ ಆಗ ಕಡೇಪಕ್ಷ 37.3 ತಡೆಯಬೇಕು. ಯಾರೂ ಏನೂ ಮಾಡದೆ ಆಸರೆಯ ಮೇಲಿನ ಹೊರೆ ತಾನಾಗಿ ಏರಿತು ಎಂದು ಸೈಟಿನಿಂದ ಬರುವ ದೂರಿನ ಹಿಂದೆ ಇರುವುದು ಇದೇ. ಆಸರೆಯೇ ಇಲ್ಲದ ನೆಟ್ಟಗಿನ ಮಗ್ಗುಲಲ್ಲಿ ಅಡ್ಡ ಒತ್ತಡ ಅಂಚಿಗೆ ಬಂದಾಗ ಸೊನ್ನೆ. ಅದು ನಿಂತಿರುವುದು ಹೆಚ್ಚಿನಂಶ ರಂಧ್ರದ ನೀರಿನ ಹೀರುವಿಕೆಯ ಬಲದಿಂದ. ಅದು ಸಾಲವಾಗಿ ತಂದ ಬಲ.

ಇದೇ ಲೆಕ್ಕದಲ್ಲಿ ಒಂದು ಅಂಕಿ ಮಾತ್ರ ಬದಲಿಸಿ. ಗುಂಡಿಯ ಹಿಂದೆ ನೀರಿನ ಮಟ್ಟ ಒಂದು ಮೀಟರ್ ಇಳಿದು ಅಲ್ಲೇ ನಿಂತಿತು ಎನ್ನಿ. ನೀರಿನ ಒತ್ತಡ 20ರ ಬದಲು 10. ಆಗ ಲಂಬ 62, ಅಡ್ಡ 26: ಭಾರ ಹೇರಿದ ಸೈಟಿನಷ್ಟೇ ಭದ್ರ. ಒಂದು ಮೀಟರ್ ನೀರು ಕುಸಿತಕ್ಕೂ ಭದ್ರತೆಗೂ ನಡುವೆ ನಿಂತಿದೆ. ಬೇಸಿಗೆಯಲ್ಲಿ ಒಣಗಿದಾಗ ತೋಡಿ, ನಾಲೆಗೆ ನೀರು ಬಿಟ್ಟ ಮೇಲೂ ಗುಂಡಿ ಹಾಗೇ ಬಿಟ್ಟವರು ಈ ಒಂದು ಮೀಟರನ್ನು ತಿಳಿಯದೇ ಪಣಕ್ಕಿಟ್ಟಿರುತ್ತಾರೆ.

ಎಷ್ಟು ದಿನ ಎನ್ನುವ ಪ್ರಶ್ನೆ ಬಾಕಿ ಇದೆ. ಕನ್ಸಾಲಿಡೇಷನ್ ಗುಣಾಂಕ ವರ್ಷಕ್ಕೆ 1 ಚದರ ಮೀಟರ್ ಇರುವ ಜೇಡಿಯಲ್ಲಿ ನೀರು 1 ಮೀಟರ್ ಸರಿದು ಒತ್ತಡ ನೂರಕ್ಕೆ 90 ಪಾಲು ಸರಿಹೊಂದಲು ಹತ್ತು ತಿಂಗಳಾದರೂ ಬೇಕು. ಲಂಡನ್ ಜೇಡಿಯಲ್ಲಿ 19ನೇ ಶತಮಾನದಲ್ಲಿ ತೋಡಿದ ಕೆಲವು ರೈಲು ಹಾದಿಯ ಇಳಿಜಾರುಗಳು ದಶಕಗಳ ನಂತರ ಜಾರಿದ್ದು ಹೀಗೇ. ಅಲ್ಲಿ ನೀರು ಮರಳಲು ಅಷ್ಟು ಕಾಲ ಹಿಡಿಯಿತು. ಹಾಗಾದರೆ ನಮ್ಮ ಎರೆ ನಾಲ್ಕೇ ದಿನಕ್ಕೆ ಏಕೆ? ಬಿರುಕು. ಬೇಸಿಗೆಯಲ್ಲಿ ಎರೆ ಹೊಲದಲ್ಲಿ ಕೋಲು ಇಳಿಬಿಟ್ಟರೆ ಮೊಣಕೈ ತನಕ ಹೋಗುವುದನ್ನು ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಬಿರುಕುಗಳ ನಡುವಿನ ಹೆಂಟೆ 200 ಮಿಲಿಮೀಟರ್ ಅಗಲ ಇದ್ದರೆ ನೀರು ಎರಡೂ ಕಡೆಯಿಂದ ಬರೀ 100 ಮಿಲಿಮೀಟರ್ ಒಳಗೆ ಹೋದರೆ ಸಾಕು. ಸಮಯ ದೂರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಹತ್ತು ತಿಂಗಳು ನೂರರಲ್ಲಿ ಒಂದು ಪಾಲಾಗುತ್ತದೆ: ಸುಮಾರು ಮೂರು ದಿನ. ಬಿರುಕಿಗೆ ನೀರು ಮಳೆಯಿಂದಲೇ ಬರಬೇಕೆಂದಿಲ್ಲ. ಒಡೆದ ಪೈಪು, ಪಕ್ಕದ ಮನೆಯ ಬಚ್ಚಲು, ಅಂಚಿನಲ್ಲಿ ಇಟ್ಟ ಕ್ಯೂರಿಂಗ್ ಡ್ರಮ್ಮು, ಯಾವುದಾದರೂ ಸಾಕು.

ಈಗ ಗುಂಡಿಯ ತಳಕ್ಕೆ ಬರೋಣ. ಅಲ್ಲಿನ ದಾರಿ ಮಗ್ಗುಲಿನದಲ್ಲ: ಮೇಲಿನ ಭಾರವೇ ಹೋಗಿದೆ. ನೆಲದಿಂದ 8 ಮೀಟರ್ ಆಳದಲ್ಲಿ, ಅಂದರೆ ತಳದಿಂದ 2 ಮೀಟರ್ ಕೆಳಗಿನ ಮಣ್ಣು ತೆಗೆದುಕೊಳ್ಳಿ. ಮೊದಲು ಅಲ್ಲಿನ ಲಂಬ ಎಫೆಕ್ಟಿವ್ ಒತ್ತಡ 84. ಆರು ಮೀಟರ್ ಮಣ್ಣು ಎತ್ತಿದ್ದರಿಂದ 108 ಹೋಯಿತು. ಅಗಲವಾದ ಗುಂಡಿಯಲ್ಲಿ ಮೊದಲ ದಿನ ಆ ಇಳಿಕೆಯನ್ನೆಲ್ಲ ನೀರು ಹೊರುತ್ತದೆ, ಹಾಗಾಗಿ ತಳ ಗಟ್ಟಿಯಾಗೇ ಕಾಣುತ್ತದೆ. ನೀರು ಮರಳಿ, ಮಟ್ಟ ತಳದಲ್ಲಿ ನಿಂತಾಗ ಎಫೆಕ್ಟಿವ್ ಒತ್ತಡ 16ಕ್ಕೆ ಬಂದಿರುತ್ತದೆ. ಅಡ್ಡ ಒತ್ತಡ ಅಷ್ಟು ಇಳಿಯುವುದಿಲ್ಲ. ಹಳೆಯ ಹೊರೆಯ ನೆನಪು ಅದರಲ್ಲಿ ಉಳಿದಿರುತ್ತದೆ, ಸುಮಾರು 18. ಈಗ ಅಡ್ಡ ಒತ್ತಡವೇ ಲಂಬಕ್ಕಿಂತ ಹೆಚ್ಚು. ಗ್ರಾಫಿನಲ್ಲಿ ದಾರಿ ಸೊನ್ನೆಯ ಗೆರೆ ದಾಟಿ ಕೆಳಗೆ ಇಳಿದಿದೆ. ಈ ಮಣ್ಣನ್ನು ಇನ್ನು ಮೇಲೆ ಹಿಸುಕಿ ಸೋಲಿಸುವುದಲ್ಲ, ಮೇಲಕ್ಕೆ ಎಳೆದು ಸೋಲಿಸುವುದು.

ಇದರ ಬೆಲೆ ಮಿಲಿಮೀಟರಿನಲ್ಲಿ ಬರುತ್ತದೆ. ತಳದ ಕೆಳಗಿನ 4 ಮೀಟರ್ ಪದರಕ್ಕೆ ಉಬ್ಬುವಿಕೆಯ ಸೂಚ್ಯಂಕ 0.05, ರಂಧ್ರಾನುಪಾತ 0.8 ಹಿಡಿದರೆ:

```
4.0 × (0.05 / 1.8) × log10(84 / 16) = 0.080 m
```

80 ಮಿಲಿಮೀಟರ್ ತಳ ಮೇಲೇಳುತ್ತದೆ. ಗುಂಡಿಯ ಅಂಚಿಗೆ ಇಷ್ಟಿರುವುದಿಲ್ಲ, ನಡುವೆ ಇರುತ್ತದೆ. ಅಪಾಯ ಉಬ್ಬಿದ್ದರಲ್ಲಿ ಅಲ್ಲ, ಉಬ್ಬಿದ್ದನ್ನು ಯಾರೂ ನೋಡದೆ ಸಮತಟ್ಟು ಮಾಡಿ ಮೇಲೆ ಕಟ್ಟುವುದರಲ್ಲಿ. ಐದು ಮಹಡಿಯ ಕಟ್ಟಡ 60 ಕಿಲೋಪಾಸ್ಕಲ್ ಹೇರಿದರೆ ಅದೇ ಸೂತ್ರ 75 ಮಿಲಿಮೀಟರ್ ಕುಸಿತ ಕೊಡುತ್ತದೆ. ತೆಗೆದದ್ದು 108, ಇಟ್ಟದ್ದು 60, ಲೆಕ್ಕದಲ್ಲಿ ಮಣ್ಣಿಗೆ ಲಾಭವೇ ಆಗಿದೆ. ಆದರೂ ಕಟ್ಟಡ ಕೂರುತ್ತದೆ, ಏಕೆಂದರೆ ನಡುವೆ ಮಣ್ಣು ನೀರು ಕುಡಿಯಲು ಬಿಟ್ಟಿದ್ದೇವೆ. ಆದ್ದರಿಂದ ಕೊನೆಯ 300 ಮಿಲಿಮೀಟರ್ ಮಣ್ಣನ್ನು ಬೆಡ್ ಕಾಂಕ್ರೀಟ್ ಹಾಕುವ ದಿನದವರೆಗೂ ತೆಗೆಯಬೇಡಿ. ತೆಗೆದ ಭಾಗಕ್ಕೆ ಅವತ್ತೇ ಕಾಂಕ್ರೀಟ್. ಇಡೀ ತಳವನ್ನು ತೆರೆದಿಟ್ಟು ಸರಳು ಬರಲಿ ಎಂದು ಎರಡು ವಾರ ಕಾಯುವುದಕ್ಕಿಂತ ಚೌಕ ಚೌಕವಾಗಿ ಮುಗಿಸುವುದು ವಾಸಿ. ತೆಳು ಕಾಂಕ್ರೀಟು ಉಬ್ಬನ್ನು ತೂಕದಿಂದ ತಡೆಯುವುದಿಲ್ಲ, ನೀರನ್ನು ತಡೆಯುತ್ತದೆ.

ಲ್ಯಾಬಿನವರಿಗೆ ಎರಡು ಮಾತು. ಸಾಮಾನ್ಯ ಟ್ರೈಆಕ್ಸಿಯಲ್ ಪರೀಕ್ಷೆಯಲ್ಲಿ ಸೆಲ್ ಒತ್ತಡ ಸ್ಥಿರ ಇಟ್ಟು ಮೇಲಿಂದ ಒತ್ತುತ್ತೇವೆ. ಅದು ಪಾಯದ ದಾರಿ, ಗುಂಡಿಯದಲ್ಲ. ಗುಂಡಿಯ ಮಗ್ಗುಲಿನ ದಾರಿ ಬೇಕಾದರೆ ಮೊದಲು ಮಾದರಿಯನ್ನು ನೆಲದಲ್ಲಿದ್ದ ಹಾಗೆ, ಅಂದರೆ ಲಂಬ 52 ಅಡ್ಡ 26ರಲ್ಲಿ, ನೆಲೆಗೊಳಿಸಬೇಕು. ಸುತ್ತಲೂ ಸಮ 52 ಕೊಟ್ಟು ಶುರು ಮಾಡುವುದು ರೂಢಿ. ಆದರೆ ಹಾಗೆ ಮಾಡಿದರೆ ಹೊರಡುವ ಊರೇ ತಪ್ಪು, ದಾರಿಯ ಮಾತೇ ಇಲ್ಲ. ಆಮೇಲೆ ಲಂಬ ಒತ್ತಡವನ್ನು ಸ್ಥಿರ ಇಟ್ಟು ಸೆಲ್ ಒತ್ತಡ ಇಳಿಸಬೇಕು. ಇಲ್ಲಿ ಎಡವುವವರು ಹೆಚ್ಚು: ಸೆಲ್ ಒತ್ತಡ ಇಳಿಸಿದರೆ ಮಾದರಿಯ ನೆತ್ತಿಯ ಮೇಲಿನ ಒತ್ತಡವೂ ಜೊತೆಗೆ ಇಳಿಯುತ್ತದೆ. ಅದನ್ನು ಹ್ಯಾಂಗರಿನ ತೂಕದಿಂದ ತುಂಬಿಕೊಡಬೇಕು. 38 ಮಿಲಿಮೀಟರ್ ವ್ಯಾಸದ ಮಾದರಿಯ ಅಡ್ಡಕೊಯ್ತ 1134 ಚದರ ಮಿಲಿಮೀಟರ್; 12.7 ಮಿಲಿಮೀಟರ್ ರ‍್ಯಾಮ್ ಇದ್ದರೆ ಅದರ 127 ಕಳೆಯಿರಿ. ಪ್ರತಿ 10 ಕಿಲೋಪಾಸ್ಕಲ್ ಇಳಿಕೆಗೆ ಹತ್ತಿರ ಹತ್ತಿರ 1.03 ಕಿಲೋಗ್ರಾಂ. ಮಾದರಿ ದಪ್ಪವಾಗುತ್ತ ಹೋದಂತೆ ಅಡ್ಡಕೊಯ್ತವನ್ನು ತಿದ್ದಿಕೊಳ್ಳಬೇಕು. ಒಂದೇ ಸಲ ಇಳಿಸಬೇಡಿ, 2 ಅಥವಾ 3 ಕಿಲೋಪಾಸ್ಕಲ್‌ನಂತೆ ಇಳಿಸಿ, ನೀರಿನ ಒತ್ತಡ ನಿಲ್ಲುವವರೆಗೆ ಕಾಯಿರಿ.

ತಳದ ಮಣ್ಣಿನ ಪರೀಕ್ಷೆಯಲ್ಲಿ ನೀರಿನ ಒತ್ತಡ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುವುದರಿಂದ 200ರಷ್ಟು ಬ್ಯಾಕ್ ಪ್ರೆಶರ್ ಕೊಟ್ಟೇ ಶುರು ಮಾಡಬೇಕು. ಇಲ್ಲದಿದ್ದರೆ ನಳಿಕೆಯಲ್ಲಿ ಗಾಳಿಗುಳ್ಳೆ ಎದ್ದು ಅಂಕಿ ಒಂದೇ ಕಡೆ ಅಂಟಿಕೊಳ್ಳುತ್ತದೆ. B ಬೆಲೆ 0.95 ಮುಟ್ಟುವ ಮುಂಚೆ ಪರೀಕ್ಷೆ ಹಚ್ಚಬೇಡಿ. ಇನ್ನೊಂದು ವಿಚಾರ ಮರೆಯಬಾರದು: ಕೊಳವೆಯಲ್ಲಿ ಮಾದರಿ ಎತ್ತಿದ್ದೇ ಒಂದು ಅಗೆತ. ನೆಲದಲ್ಲಿದ್ದ ಒತ್ತಡವೆಲ್ಲ ಆಗಲೇ ಹೋಗಿದೆ. ಎರೆಯ ಮಾದರಿಗೆ ಹೊರೆ ಹಾಕುವ ಮುಂಚೆ ನೀರು ತೋರಿಸಿದರೆ ಅದು ಮೊದಲು ಉಬ್ಬಿಬಿಡುತ್ತದೆ, ಆಮೇಲೆ ಏನು ಅಳೆದರೂ ಉಬ್ಬಿದ ಮಣ್ಣನ್ನೇ ಅಳೆಯುತ್ತೀರಿ. ಮೊದಲು ಹೊರೆ, ಆಮೇಲೆ ನೀರು.

ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವವರಿಗೂ ಇದೇ ಮಾತು ಬೇರೆ ರೂಪದಲ್ಲಿ. ಮೋರ್-ಕೂಲಂ ಮಾದರಿಯಲ್ಲಿ ಹೇರುವುದಕ್ಕೂ ಇಳಿಸುವುದಕ್ಕೂ ಒಂದೇ ಬಿಗಿತ. ನಿಜವಾದ ಮಣ್ಣು ಇಳಿಸುವಾಗ ಮತ್ತು ಮತ್ತೆ ಹೇರುವಾಗ ಹೆಚ್ಚು ಬಿಗಿ. ಹಾರ್ಡನಿಂಗ್ ಸಾಯಿಲ್ ಮಾದರಿಯಲ್ಲಿ ಅಳತೆ ಇಲ್ಲದಿದ್ದಾಗ ಮೂರು ಪಟ್ಟು ಎಂದು ಹಿಡಿಯುವುದು ರೂಢಿ. ಮೋರ್-ಕೂಲಂ ಬಳಸಿದರೆ ಗುಂಡಿಯ ತಳ ಅಸಾಧ್ಯ ಎನ್ನುವಷ್ಟು ಏಳುತ್ತದೆ, ಜೊತೆಗೆ ಗೋಡೆಯೂ ಅದರ ಹಿಂದಿನ ನೆಲವೂ ಮೇಲೇಳುತ್ತವೆ. ಪಕ್ಕದ ಮನೆ ಕುಸಿಯಬೇಕಾದ ಕಡೆ ಏರುತ್ತಿದೆ ಎಂದು ಪರದೆ ತೋರಿಸಿದರೆ, ಅದನ್ನು ವರದಿಗೆ ಅಂಟಿಸುವ ಮುಂಚೆ ಒಮ್ಮೆ ಯೋಚಿಸಿ.

ಸೈಟಿನಲ್ಲಿ ಇದನ್ನು ಹೇಗೆ ಗುರುತಿಸುವುದು? ಬೀಳುವ ಮುಂಚೆ ಮಗ್ಗುಲು ಸೂಚನೆ ಕೊಡುತ್ತದೆ. ಅಂಚಿಗೆ ಸಮಾನಾಂತರವಾಗಿ ಕೂದಲೆಳೆಯ ಬಿರುಕು ಬರುತ್ತದೆ. ಒಣಗಿದ ಎರೆಯ ಬಿರುಕು ಜೇನುಗೂಡಿನ ಹಾಗೆ ಎಲ್ಲ ದಿಕ್ಕಿಗೂ ಹರಡಿರುತ್ತದೆ, ಇದು ಅಂಚಿನ ಉದ್ದಕ್ಕೆ ಹೋಗುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ಕಲಿಯಬೇಕು. ಬಿರುಕಿನ ಎರಡೂ ಕಡೆ ಒಂದೊಂದು ಗೂಟ ಹೊಡೆದು ಬೆಳಿಗ್ಗೆ ಸಂಜೆ ಟೇಪಿನಿಂದ ಅಳೆಯಿರಿ. ದಿನದ ಸರಿತ ಹಿಂದಿನ ದಿನಕ್ಕಿಂತ ಕಡಿಮೆಯಾಗುತ್ತಿದ್ದರೆ ಸ್ವಲ್ಪ ಉಸಿರಾಡಬಹುದು. ಅಷ್ಟೇ ಇದ್ದರೆ ಅಥವಾ ಹೆಚ್ಚಾದರೆ ಜನರನ್ನು ಮೇಲೆ ಕರೆಯಿರಿ, ಬುಡಕ್ಕೆ ಮೇಲಿಂದಲೇ ಮಣ್ಣು ತುಂಬಿಸಿ. ಬುಡದಲ್ಲಿ ಇಟ್ಟ ಮಣ್ಣು ಅಡ್ಡ ಒತ್ತಡವನ್ನು ಮರಳಿ ಕೊಡುತ್ತದೆ, ಅಂದರೆ ದಾರಿಯನ್ನು ಹಿಂದಕ್ಕೆ ತಿರುಗಿಸುತ್ತದೆ. ತೋಡಿದ ಮಣ್ಣಿನ ರಾಶಿ ಅಂಚಿನಿಂದ ಕಡೇಪಕ್ಷ ಗುಂಡಿಯ ಆಳದ ಅರ್ಧ ದೂರ ಇರಲಿ, ನಮ್ಮ ಲೆಕ್ಕಕ್ಕೆ 3 ಮೀಟರ್. ನೀರಿನ ಮಟ್ಟ ನೋಡಲು ಬರೀ ಪೈಪು ಇಳಿಸಿ ನೆಮ್ಮದಿಯಾಗಿರಬೇಡಿ: ಜೇಡಿಯಲ್ಲಿ ಅದು ನಿಧಾನವಾಗಿ ತುಂಬುತ್ತದೆ, ಹೀರುವಿಕೆಯನ್ನಂತೂ ತೋರಿಸುವುದೇ ಇಲ್ಲ.

ಕೊನೆಗೆ ಸಭೆಯಿಂದ ಬಂದ ಒಂದು ಪ್ರಶ್ನೆ: "ಸರ್, ನಮ್ಮದು ಚಿತ್ರದುರ್ಗದ ಕಡೆ. ಅಲ್ಲಿ ಗರಸು, ಎರಡು ಆಳು ಎತ್ತರ ತೋಡಿದರೂ ನೆಟ್ಟಗೆ ನಿಲ್ಲುತ್ತದೆ. ಅದಕ್ಕೂ ಈ ಲೆಕ್ಕ ಬೇಕಾ?"

ಬೇಕು, ಆದರೆ ಎರಡು ವ್ಯತ್ಯಾಸ ಇದೆ. ಗರಸಿನಲ್ಲಿ ನೀರು ಬೇಗ ಸರಿದಾಡುತ್ತದೆ, ಹಾಗಾಗಿ ಮೊದಲ ದಿನ, ನಾಲ್ಕನೇ ದಿನ ಎನ್ನುವ ಅಂತರ ಬಹುಪಾಲು ಇರುವುದಿಲ್ಲ. ಅದು ನಿಂತಿರುವುದು ಅರೆ ಒಣಗಿದ ಸ್ಥಿತಿಯ ಹೀರುವಿಕೆ ಮತ್ತು ಕಣಗಳ ನಡುವಿನ ಅಲ್ಪಸ್ವಲ್ಪ ಬೆಸುಗೆಯಿಂದ. ಒಂದು ಜೋರು ಮಳೆ ಆ ಹೀರುವಿಕೆಯನ್ನು ಗಂಟೆಗಳಲ್ಲಿ ಅಳಿಸುತ್ತದೆ. ಎರಡನೆಯ ವ್ಯತ್ಯಾಸ, ಗರಸು ಅಂದರೆ ಶಿಥಿಲವಾದ ಬಂಡೆ. ಬಂಡೆಯಲ್ಲಿದ್ದ ಹಳೇ ಸೀಳುಗಳು ಅದರಲ್ಲಿ ಹಾಗೇ ಉಳಿದಿರುತ್ತವೆ. ಸೀಳು ಗುಂಡಿಯ ಕಡೆಗೆ ಇಳಿಜಾರಾಗಿದ್ದು ಅದರಲ್ಲಿ ಬಿಳಿ ಜೇಡಿ ತುಂಬಿದ್ದರೆ, ಅಡ್ಡ ಒತ್ತಡ ಇಳಿದ ಕೂಡಲೇ ಇಡೀ ತುಂಡು ಅದರ ಮೇಲೆ ಜಾರುತ್ತದೆ. ಗರಸಿನ ಘರ್ಷಣೆಯ ಕೋನ ಎಷ್ಟೇ ಇರಲಿ ಅಲ್ಲಿ ಲೆಕ್ಕಕ್ಕೆ ಬರುವುದು ಸೀಳಿನದು. ತೋಡುವಾಗ ನಾಲ್ಕೂ ಮಗ್ಗುಲನ್ನು ಸಲಿಕೆಯಿಂದ ಕೆರೆದು ಸೀಳು ಯಾವ ಕಡೆ ವಾಲಿದೆ ನೋಡಿ. ಎದುರುಬದುರಿನ ಎರಡು ಮಗ್ಗುಲಲ್ಲಿ ಒಂದು ವರ್ಷಗಟ್ಟಲೆ ನಿಲ್ಲಬಹುದು, ಇನ್ನೊಂದಕ್ಕೆ ಅವತ್ತೇ ಆಸರೆ ಬೇಕಾಗಬಹುದು.